ಲೈಕ್‌ನಿಂದ ಅಡ್ವಾನ್ಸ್‌ವರೆಗೆ

ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೋ ನೋಡಿ ‘ರೇಟ್ ಎಷ್ಟು?’ ಎಂದು ಕೇಳುವವರಿಗೆ ಬರವಿಲ್ಲ. ಅಡ್ವಾನ್ಸ್ ಕೈಗೆ ಬರಲು ಮಾತ್ರ ತಿಂಗಳುಗಟ್ಟಲೆ ಕಾಯಬೇಕು. ನಮ್ಮಲ್ಲಿ ಮೊದಲು ಮುಹೂರ್ತ ನಿಗದಿಯಾಗಬೇಕು, ಆಮೇಲೆ ಛತ್ರ ಸಿಗಬೇಕು. ಅಲ್ಲಿಯವರೆಗೆ ಮಗಳಿಗೆ ಫೋಟೋ ಎಷ್ಟೇ ಹಿಡಿಸಿದರೂ ದುಡ್ಡು ಕೊಡುವ ಅಪ್ಪ ಜಗ್ಗುವುದಿಲ್ಲ.

ಆಷಾಢದಲ್ಲಿ ವಿಚಾರಿಸಿ, ಮಾಘದ ಮದುವೆಗೆ ‘ಇನ್ನೂ ನೋಡ್ತಾ ಇದ್ದೀವಿ’ ಎಂದ ಮನೆಯನ್ನೇ ತೆಗೆದುಕೊಳ್ಳಿ. ವಾರಕ್ಕೊಮ್ಮೆ ‘ಏನಾಯ್ತು ಸರ್?’ ಎಂದರೆ ಅವರು ಉತ್ತರ ಕೊಡುವುದನ್ನೇ ಬಿಡುತ್ತಾರೆ. ‘ಛತ್ರ ಗೊತ್ತಾದಾಗ ಹೇಳಿ, ಅಲ್ಲಿ ತೆಗೆದ ಫೋಟೋ ಕಳಿಸ್ತೀನಿ’ ಎಂದರೆ ಮಾತು ಉಳಿಯುತ್ತದೆ. ಹೇಳಿದ ದಿನವೇ ಆ ಛತ್ರದ ಒಂದು ಪೂರ್ತಿ ಮದುವೆಯ ಆಲ್ಬಂ ಕಳಿಸಬೇಕು. ಟ್ಯೂಬ್‌ಲೈಟ್ ಬೆಳಕಿನ ಧಾರೆ, ಊಟದ ಪಂಕ್ತಿ, ಮುಂದಿನ ಸಾಲಿನ ಅಜ್ಜಿಯರು ಎಲ್ಲ ಅದರಲ್ಲಿರಲಿ. ಸೂರ್ಯಾಸ್ತದ ಜೋಡಿ ಚಿತ್ರಕ್ಕೆ ಮಗಳು ಮರುಳಾಗಬಹುದು, ಅಪ್ಪ ಹುಡುಕುವುದು ನೆಂಟರ ಮುಖಗಳನ್ನು.

ಆಮೇಲೆ ತಾರೀಖನ್ನು ಐದು ದಿನ ಹಿಡಿದಿಟ್ಟು, ಅಷ್ಟರಲ್ಲಿ ಅಡ್ವಾನ್ಸ್ ಬಾರದಿದ್ದರೆ ಬಿಟ್ಟುಕೊಡುವುದಾಗಿ ವಾಟ್ಸಾಪ್‌ನಲ್ಲಿ ಬರೆದು ತಿಳಿಸಬೇಕು. ಯಾರೂ ಕೇಳದಿದ್ದರೂ ‘ಬೇರೆಯವರು ಕೇಳ್ತಿದ್ದಾರೆ’ ಎಂದು ಹೆದರಿಸಿದರೆ ಕೆಟ್ಟಿತು: ಛತ್ರದ ಮ್ಯಾನೇಜರು, ಪುರೋಹಿತರು, ಅಡುಗೆಯವರು ಎಲ್ಲರೂ ಪರಸ್ಪರ ಬಲ್ಲವರೇ.