ಕೆಫೆಯ ಹಣ ಯಾವ ತಿಂಗಳು ಮುಗಿಯುತ್ತದೆ?

ಮೈಸೂರಿನಲ್ಲಿ ಕೆಫೆ ತೆರೆಯುವವರ ಕೈಯಲ್ಲಿ ಬಾಡಿಗೆ ಮುಂಗಡ, ಯಂತ್ರಗಳ ಖರ್ಚು ಕಳೆದು 2 ಲಕ್ಷ ರೂಪಾಯಿ ಉಳಿದಿದೆ ಎಂದಿಟ್ಟುಕೊಳ್ಳಿ. ಎಕ್ಸೆಲ್ ಹಾಳೆಯ B1 ಮನೆಯಲ್ಲಿ 1 ಹಾಕಿದರೆ ಒಳ್ಳೆಯ ಮಾರಾಟ, 2 ಹಾಕಿದರೆ ಮಂದ ಮಾರಾಟ. 5ನೇ ಸಾಲಿನಲ್ಲಿ ತಿಂಗಳಿಗೆ 3.6 ಲಕ್ಷ, 6ನೆಯದರಲ್ಲಿ 1.68 ಲಕ್ಷ. ಆಯ್ಕೆಯಾದದ್ದು 7ನೇ ಸಾಲಿಗೆ ಬರುತ್ತದೆ:

```
=CHOOSE($B$1,B5,B6)
```

ಹಾಲು, ಕಾಫಿಪುಡಿಯಂಥ ಸಾಮಗ್ರಿಗೆ ಮಾರಾಟದ ಶೇ. 35 ಹೋಗುತ್ತದೆ, ಈ ಲೆಕ್ಕ 7ನೇ ಸಾಲನ್ನೇ ಹಿಡಿಯಬೇಕು. ಸ್ವಿಚ್ ಬದಲಿಸಿದರೂ ಸಾಮಗ್ರಿಯ ಖರ್ಚು ಕದಲದಿದ್ದರೆ ಅದನ್ನು ತಪ್ಪಾಗಿ 5ನೇ ಸಾಲಿಗೆ ಜೋಡಿಸಿರಬಹುದು. ಬಾಡಿಗೆ, ಸಂಬಳ, ಕರೆಂಟು ಸೇರಿ 1.5 ಲಕ್ಷ ಮಾತ್ರ ಎರಡರಲ್ಲೂ ಅಷ್ಟೇ.

1 ಹಾಕಿದಾಗ ತಿಂಗಳಿಗೆ 84,000 ಉಳಿಯುತ್ತದೆ. 2 ಹಾಕಿದರೆ 40,800 ಕೊರತೆ. ಐದನೇ ತಿಂಗಳಲ್ಲಿ ಗಲ್ಲಾ ಖಾಲಿ. ಬಾಗಿಲು ತೆರೆಯುವ ಮೊದಲೇ ಇನ್ನೊಂದು ಲಕ್ಷ ಹೊಂದಿಸಿಕೊಂಡರೆ ಏಳು ತಿಂಗಳು ನಡೆಸಬಹುದು.