ಬೆನ್ನ ಹಿಂದಿನ ಕ್ಯಾಮೆರಾ ಗೋಡೆಯೊಳಗೆ ನುಗ್ಗದಂತೆ

1996ರಲ್ಲಿ ನಿಂಟೆಂಡೊ 64 ಯಂತ್ರದ ಜೊತೆ ಬಂದ ‘ಸೂಪರ್ ಮಾರಿಯೊ 64’ ಆಟದಲ್ಲಿ ಕ್ಯಾಮೆರಾ ಹಿಡಿಯುವವನಿಗೂ ಒಂದು ಪಾತ್ರ ಸಿಕ್ಕಿತ್ತು. ಮೋಡದ ಮೇಲೆ ಕೂತ ಲಾಕಿಟು ಗಾಳದ ಕೋಲಿಗೆ ಕ್ಯಾಮೆರಾ ನೇತುಹಾಕಿಕೊಂಡು ಮಾರಿಯೊನ ಹಿಂದೆಯೇ ತೇಲುತ್ತಾನೆ. ಕೋಟೆಯೊಳಗಿನ ಕನ್ನಡಿ ಕೋಣೆಗೆ ಹೋದರೆ ಕನ್ನಡಿಯಲ್ಲಿ ಅವನೂ ಕಾಣುತ್ತಾನೆ. ಮೂರು ಆಯಾಮದ ಜಗತ್ತಿನಲ್ಲಿ ನಾಯಕನನ್ನು ಹೊರಗಿನಿಂದ ನೋಡುವ ಕಣ್ಣೊಂದು ಎಲ್ಲೋ ಇದೆ ಎಂಬುದನ್ನು ಆಟಗಾರರಿಗೆ ತಿಳಿಸಲು ಕಂಡುಕೊಂಡ ಚೆಂದದ ಉಪಾಯ ಅದು. ಆದರೆ ನಾಯಕ ಗೋಡೆಗೆ ಬೆನ್ನು ಕೊಟ್ಟು ನಿಂತಾಗ ಆ ಕಣ್ಣು ಎಲ್ಲಿಗೆ ಹೋಗಬೇಕು?

ಇಂದಿನ ಆಟಗಳಲ್ಲಿ ಇದಕ್ಕೆ ಬಳಸುವ ಸಾಧನಕ್ಕೆ ಸ್ಪ್ರಿಂಗ್ ಆರ್ಮ್ ಎಂದು ಹೆಸರು. ಕಣ್ಣಿಗೆ ಕಾಣದ, ಬೇಕೆಂದಾಗ ಮೋಟಾಗುವ ಸೆಲ್ಫಿ ಕೋಲು ಎಂದುಕೊಂಡರೆ ಸಾಕು. ಒಂದು ತುದಿ ನಾಯಕನ ಮೈಗೆ ಅಂಟಿದೆ, ಇನ್ನೊಂದು ತುದಿಯಲ್ಲಿ ಕ್ಯಾಮೆರಾ ಇದೆ. ಅನ್‌ರಿಯಲ್ ಎಂಜಿನ್‌ನಲ್ಲಿ ಈ ಕೋಲಿನ ಉದ್ದವನ್ನು `Target Arm Length` ಎಂಬಲ್ಲಿ ತುಂಬುತ್ತಾರೆ. 400 ಎಂದು ಬರೆದರೆ ನಾಲ್ಕು ಮೀಟರ್, ಏಕೆಂದರೆ ಅಲ್ಲಿನ ಅಳತೆ ಸೆಂಟಿಮೀಟರಿನದು. ಪ್ರತಿ ಫ್ರೇಮಿನಲ್ಲೂ ಎಂಜಿನ್ ನಾಯಕನ ಕಡೆಯಿಂದ ಹಿಂದಕ್ಕೆ, ಕೋಲಿನ ಗುಂಟ ಒಂದು ಅದೃಶ್ಯ ಗೋಲಿಯನ್ನು ಉರುಳಿಸಿ ನೋಡುತ್ತದೆ. ಗೋಲಿ ಎಲ್ಲಿಯೂ ತಡೆಯದಿದ್ದರೆ ಕ್ಯಾಮೆರಾ ಪೂರ್ತಿ ನಾಲ್ಕು ಮೀಟರ್ ದೂರದಲ್ಲಿ ನಿಲ್ಲುತ್ತದೆ. ತಡೆದರೆ, ತಡೆದ ಜಾಗವೇ ಆ ಕ್ಷಣಕ್ಕೆ ಕ್ಯಾಮೆರಾದ ಜಾಗ.

ಗೆರೆಯ ಬದಲು ಗೋಲಿ ಏಕೆ? ಗೆರೆಗೆ ದಪ್ಪವಿಲ್ಲ, ಕ್ಯಾಮೆರಾದ ನೋಟಕ್ಕೆ ಅಗಲವಿದೆ. ಕ್ಯಾಮೆರಾಕ್ಕೆ ತೀರ ಹತ್ತಿರವಿರುವುದನ್ನು ಎಂಜಿನ್ ಚಿತ್ರಿಸುವುದೇ ಇಲ್ಲ; ಅನ್‌ರಿಯಲ್‌ನಲ್ಲಿ ಈ ಮಿತಿ ಮಾಮೂಲಿಯಾಗಿ 10 ಸೆಂಟಿಮೀಟರ್. ನೋಟದ ಕೋನ 90 ಡಿಗ್ರಿ, ಪರದೆ 16:9 ಆಗಿದ್ದರೆ, ಆ 10 ಸೆಂಟಿಮೀಟರಿನ ಆಚೆ ಶುರುವಾಗುವ ಚೌಕಟ್ಟಿನ ಮೂಲೆಗಳು ಕ್ಯಾಮೆರಾದಿಂದ ಸುಮಾರು 15 ಸೆಂಟಿಮೀಟರ್ ದೂರ ಬೀಳುತ್ತವೆ. ಗೋಲಿಯ ತ್ರಿಜ್ಯ, ಅಂದರೆ `Probe Size`, ಮೊದಲಿಗೇ 12 ಇರುತ್ತದೆ. ಮೂರು ಸೆಂಟಿಮೀಟರಿನ ಈ ಕೊರತೆ ಸಣ್ಣದಲ್ಲ. ಗೋಡೆಯ ಪಕ್ಕದಲ್ಲೇ ಸವರಿಕೊಂಡು ನಡೆದಾಗ ಪರದೆಯ ಒಂದು ಮೂಲೆಯಲ್ಲಿ ಮಾತ್ರ ಗೋಡೆ ಕಿತ್ತುಹೋಗಿ ಆಚೆಯ ಆಕಾಶ ಇಣುಕಿದರೆ, ಅನುಮಾನಿಸಬೇಕಾದದ್ದು ಈ ಗೋಲಿಯನ್ನೇ. 16 ಮಾಡಿದರೆ ಆ ಇಣುಕಾಟ ನಿಲ್ಲುತ್ತದೆ.

ಇಷ್ಟಕ್ಕೆ ಕ್ಯಾಮೆರಾ ಗೋಡೆಯೊಳಗೆ ಹೋಗುವುದಿಲ್ಲ, ಆದರೆ ಆಡುವವರ ತಲೆ ಸುತ್ತುತ್ತದೆ.

ನಾಯಕ ಬಯಲಿನಿಂದ ಓಣಿಯ ಮೂಲೆಗೆ ತಿರುಗಿದ ಎನ್ನೋಣ. ಹಿಂದಿನ ಫ್ರೇಮಿನಲ್ಲಿ ಕೋಲು 400 ಇತ್ತು, ಈ ಫ್ರೇಮಿನಲ್ಲಿ ಗೋಲಿ 120ಕ್ಕೇ ತಾಗಿತು. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ, ಒಂದು ಸೆಕೆಂಡಿನ ಅರವತ್ತನೇ ಒಂದು ಪಾಲಿನಲ್ಲಿ ಕ್ಯಾಮೆರಾ 280 ಸೆಂಟಿಮೀಟರ್ ಮುಂದಕ್ಕೆ ಹಾರಿತು. ಮೂಲೆ ದಾಟಿದೊಡನೆ ಅಷ್ಟೇ ದೂರ ಹಿಂದಕ್ಕೆ ಹಾರುತ್ತದೆ. ಹೊಸಬರು ಇಲ್ಲಿ `Enable Camera Lag` ಎಂಬ ಗುಂಡಿ ಒತ್ತಿ, ಇನ್ನು ಎಲ್ಲ ನಯವಾಗುತ್ತದೆ ಎಂದು ಕಾಯುತ್ತಾರೆ. ಆಗುವುದಿಲ್ಲ. ಆ ಗುಂಡಿ ನಾಯಕನ ಚಲನೆಯನ್ನು ಕ್ಯಾಮೆರಾ ತುಸು ತಡವಾಗಿ ಹಿಂಬಾಲಿಸುವಂತೆ ಮಾಡುತ್ತದೆ, ಅಷ್ಟೇ. ಗೋಲಿ ಉರುಳುವುದು ಆ ಲೆಕ್ಕ ಮುಗಿದ ಮೇಲೆ. ತಾಗಿದರೆ ತಾಗಿದ ಜಾಗ, ಇಲ್ಲವಾದರೆ ಪೂರ್ತಿ ಉದ್ದ. ಎರಡನ್ನೂ ಬೆಸೆಯುವ `BlendLocations` ಎಂಬ ಫಂಕ್ಷನ್ ಇದೆಯಾದರೂ ಮೂಲರೂಪದಲ್ಲಿ ಅದು ಏನನ್ನೂ ಬೆಸೆಯುವುದಿಲ್ಲ. ಅದನ್ನು ತಮಗೆ ಬೇಕಾದಂತೆ ಬರೆದುಕೊಳ್ಳುವುದು ಆಟ ಕಟ್ಟುವವರ ಪಾಲಿನ ಕೆಲಸ.

ಬರೆಯುವಾಗ ಮೊದಲು ಒಪ್ಪಿಕೊಳ್ಳಬೇಕಾದದ್ದು, ಹೋಗುವ ದಾರಿಗೂ ಬರುವ ದಾರಿಗೂ ಒಂದೇ ನಿಯಮ ನಡೆಯದು ಎಂಬುದನ್ನು. ಒಳಗೆ ಸರಿಯುವಾಗ ನಿಧಾನ ಮಾಡುವಂತಿಲ್ಲ. 400ರಿಂದ 120ಕ್ಕೆ ಕಾಲು ಸೆಕೆಂಡಿನಲ್ಲಿ ನಯವಾಗಿ ಬರೋಣ ಎಂದರೆ, ಆ ಕಾಲು ಸೆಕೆಂಡು ಕ್ಯಾಮೆರಾ ಗೋಡೆಯೊಳಗೋ ಗೋಡೆಯ ಆಚೆಯೋ ಇರುತ್ತದೆ. ಆದ್ದರಿಂದ ಕೋಲು ಮೋಟಾಗುವುದು ತತ್‌ಕ್ಷಣ. ಉದ್ದವಾಗುವುದಕ್ಕೆ ಮಾತ್ರ ಯಾವ ಅವಸರವೂ ಇಲ್ಲ, ಏಕೆಂದರೆ ನಾಯಕನಿಗೆ ಹತ್ತಿರವಿರುವ ಜಾಗವೆಲ್ಲ ಖಾಲಿ ಎಂದು ಗೋಲಿ ಆಗಲೇ ಹೇಳಿದೆ. ಅಲ್ಲಿ ಉಳಿದ ಅಂತರದ ಒಂದು ಪಾಲನ್ನು ಪ್ರತಿ ಫ್ರೇಮಿನಲ್ಲೂ ಕಳೆಯುತ್ತ ಹೋಗುತ್ತಾರೆ. ಪಾಲು ಎಷ್ಟೆಂಬುದಕ್ಕೆ ಸೂತ್ರ `1 - exp(-4 * dt)`. ಇಲ್ಲಿ `dt` ಹಿಂದಿನ ಫ್ರೇಮಿನಿಂದ ಕಳೆದ ಸಮಯ. 120ರಿಂದ ಹೊರಟ ಕೋಲು ಕಾಲು ಸೆಕೆಂಡಿಗೆ 297, ಅರ್ಧ ಸೆಕೆಂಡಿಗೆ 362, ಒಂದು ಸೆಕೆಂಡಿಗೆ 395 ಮುಟ್ಟುತ್ತದೆ. ಮೊದಲು ಚುರುಕು, ಕೊನೆಗೆ ಮೆಲ್ಲಗೆ.

ಸೂತ್ರ ಬೇಡ, ಫ್ರೇಮಿಗೆ ಹತ್ತರಲ್ಲೊಂದು ಪಾಲು ಕಳೆದರಾಯಿತು ಎನ್ನುವವರೂ ಇದ್ದಾರೆ. ಅವರ ಆಟ ತಮ್ಮ ಯಂತ್ರದಲ್ಲಿ ಚೆನ್ನಾಗಿಯೇ ಇರುತ್ತದೆ. 30 ಫ್ರೇಮಿನ ಹಳೆಯ ಯಂತ್ರದಲ್ಲಿ ಅದೇ ಕ್ಯಾಮೆರಾ ಹಿಂದೆ ಸರಿಯಲು ದುಪ್ಪಟ್ಟು ಸಮಯ ತೆಗೆದುಕೊಳ್ಳುತ್ತದೆ. ಪರೀಕ್ಷೆ ಸುಲಭ: ಕನ್ಸೋಲಿನಲ್ಲಿ `t.MaxFPS 30` ಎಂದು ಕೊಟ್ಟು ಒಮ್ಮೆ, 60 ಕೊಟ್ಟು ಇನ್ನೊಮ್ಮೆ ಅದೇ ಮೂಲೆ ತಿರುಗಿ ನೋಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕ್ಯಾಮೆರಾವನ್ನು ಕೆಣಕುವುದು ಕಂಬಗಳ ಸಾಲು. ನಾಯಕ ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಓಡುತ್ತಿದ್ದಾನೆ, ಕ್ಯಾಮೆರಾ ಅವನನ್ನು ಪಕ್ಕದಿಂದ ನೋಡುತ್ತಿದೆ, ಇಬ್ಬರ ನಡುವೆ ಮೂರು ಮೀಟರಿಗೊಂದು ಕಂಬ. ಸೆಕೆಂಡಿಗೆ ಎರಡು ಸಲ ಗೋಲಿ ಕಂಬಕ್ಕೆ ತಾಗುತ್ತದೆ. ಪ್ರತಿ ಸಲ ಕೋಲು 120ಕ್ಕೆ ಕುಸಿದು, ಮುಂದಿನ ಕಂಬ ಬರುವಷ್ಟರಲ್ಲಿ 340ರ ಹತ್ತಿರ ಬೆಳೆದು, ಮತ್ತೆ ಕುಸಿಯುತ್ತದೆ. ಕೋಲಿನ ಉದ್ದವನ್ನು ಗ್ರಾಫಿನಲ್ಲಿ ಬರೆದು ನೋಡಿದರೆ ಗರಗಸದ ಹಲ್ಲುಗಳೇ. ಹೊರಗೆ ಹೋಗುವ ಮುನ್ನ ತುಸು ಕಾಯಿಸುವುದು ಒಂದು ದಾರಿ, ಆದರೆ ಆ ಕಾಯುವಿಕೆ ಎರಡು ಕಂಬಗಳ ನಡುವಿನ ಅರ್ಧ ಸೆಕೆಂಡಿಗಿಂತ ಹೆಚ್ಚಿರಬೇಕು. ಆಗ ಸಾಲು ಮುಗಿಯುವವರೆಗೂ ಕ್ಯಾಮೆರಾ ನಾಯಕನ ಮೈಗೆ ಅಂಟಿಕೊಂಡೇ ಇರುತ್ತದೆ. ಇದಕ್ಕಿಂತ ಮೇಲಾದದ್ದು ಕಂಬವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು. ಅನ್‌ರಿಯಲ್‌ನಲ್ಲಿ ಕ್ಯಾಮೆರಾದ ಗೋಲಿಗೆಂದೇ `Camera` ಎಂಬ ಪ್ರತ್ಯೇಕ ಚಾನೆಲ್ ಇದೆ. ಕಂಬದ ಗುಣಗಳಲ್ಲಿ ಅದಕ್ಕೆ `Ignore` ಎಂದು ಕೊಟ್ಟರೆ ಗೋಲಿ ಕಂಬವನ್ನು ದಾಟಿ ಉರುಳುತ್ತದೆ, ನಾಯಕ ಮಾತ್ರ ಎಂದಿನಂತೆ ಡಿಕ್ಕಿ ಹೊಡೆಯುತ್ತಾನೆ. ಕಂಬ ಕಣ್ಣ ಮುಂದೆ ಒಂದು ಕ್ಷಣ ಹಾದುಹೋಗುವುದನ್ನು ನೋಡುವವರು ಸಹಿಸುತ್ತಾರೆ. ಕ್ಯಾಮೆರಾ ಕುಣಿಯುವುದನ್ನು ಸಹಿಸುವುದಿಲ್ಲ.

ದೊಡ್ಡ ಗೋಡೆಗೆ ಈ ವಿನಾಯಿತಿ ಕೊಡಲಾಗದು. ಅಲ್ಲಿ ತತ್‌ಕ್ಷಣದ ಒಳಜಿಗಿತವನ್ನು ಸಣ್ಣದು ಮಾಡಲು ಕೋಲಿನ ಎಡಬಲಕ್ಕೆ, 15 ಮತ್ತು 30 ಡಿಗ್ರಿಯ ಓರೆಯಲ್ಲಿ ಇನ್ನಷ್ಟು ಗೆರೆಗಳನ್ನು ಎಸೆಯುತ್ತಾರೆ. ಬೆಕ್ಕಿನ ಮೀಸೆಯ ಹೆಸರಿನಿಂದಲೇ ಅವನ್ನು ವಿಸ್ಕರ್ ಎಂದು ಕರೆಯುವುದು. ಮೂಲೆ ಬರುವ ಮೊದಲೇ ಪಕ್ಕದ ಗೆರೆ ಗೋಡೆಗೆ ತಾಗುತ್ತದೆ, ಕೋಲು ಆಗಿನಿಂದಲೇ ನಿಧಾನವಾಗಿ ಮೋಟಾಗತೊಡಗುತ್ತದೆ. ಮೂಲೆ ಬಂದಾಗ ಅದು ಆಗಲೇ 200ಕ್ಕೆ ಇಳಿದಿದ್ದರೆ ಜಿಗಿಯಬೇಕಾದದ್ದು 280 ಅಲ್ಲ, 80. ಆಟಗಾರ ಕ್ಯಾಮೆರಾವನ್ನು ರಭಸದಿಂದ ತಿರುಗಿಸಿದರೆ ಮೀಸೆಗೂ ಸಮಯ ಸಾಲದು. ಪುಣ್ಯಕ್ಕೆ, ತಾನೇ ತಿರುಗಿಸಿದ ನೋಟ ಜಿಗಿದರೆ ಅಷ್ಟಾಗಿ ಅಖರುವುದಿಲ್ಲ.

ಇನ್ನು, ನಾಯಕ ಗೋಡೆಗೆ ಬೆನ್ನೊತ್ತಿ ನಿಂತರೆ ಕೋಲು ಇಲ್ಲವಾಗಿಯೇ ಬಿಡುತ್ತದೆ. ಆಗ ಕ್ಯಾಮೆರಾ ಅವನ ತಲೆಯೊಳಗೇ ಹೊಕ್ಕು ಹಲ್ಲು, ಕಣ್ಣುಗುಡ್ಡೆಗಳ ಒಳಮೈ ತೋರಿಸುವುದುಂಟು. ಇದಕ್ಕೆ ಸ್ಪ್ರಿಂಗ್ ಆರ್ಮ್ ಬಳಿ ಮದ್ದಿಲ್ಲ. ಕೋಲು 60 ಸೆಂಟಿಮೀಟರಿಗಿಂತ ಮೋಟಾದೊಡನೆ ನಾಯಕನನ್ನು ಪಾರದರ್ಶಕ ಮಾಡುತ್ತ ಹೋಗಬೇಕು, ಇಲ್ಲವೇ ಕ್ಯಾಮೆರಾವನ್ನು ತಲೆಯ ಮೇಲಕ್ಕೆ ಎತ್ತಬೇಕು. ಒಳಾಂಗಣಗಳನ್ನು ಕಟ್ಟುವವರು ಮೂರನೆಯ ಉಪಾಯವನ್ನೂ ಬಳಸುತ್ತಾರೆ: ಓಣಿಯನ್ನೇ ನಿಜ ಮನೆಯ ಓಣಿಗಿಂತ ಅಗಲವಾಗಿ, ಚಾವಣಿಯನ್ನು ಎತ್ತರವಾಗಿ ಕಟ್ಟಿಬಿಡುವುದು.