ಪರೀಕ್ಷಾ ಮಾಸದಲ್ಲಿ ಬಿಡಿ ರಜೆ

ನಾನು ಲೆಕ್ಕಪರಿಶೋಧನೆ ನಡೆಸುವ ವ್ಯಾಪಾರ ಸಂಸ್ಥೆಯೊಂದರಲ್ಲಿ ಲೆಕ್ಕಪಾಲಕಿಯೊಬ್ಬರು ಮಾರ್ಚ್ ತಿಂಗಳಿಗೆ ರಜೆ ಕೋರಿ ಅರ್ಜಿ ಸಲ್ಲಿಸಿದ್ದರು. ಮಗನ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಅವರು ಸತತ ರಜೆ ಕೇಳಿರಲಿಲ್ಲ. ಆರು ವಿಷಯಗಳ ಪೈಕಿ ಅವನಿಗೆ ಕಠಿಣವೆನಿಸಿದ ಮೂರರ ಹಿಂದಿನ ದಿನ ಮಾತ್ರ ಬಿಡುವು ಬೇಕಿತ್ತು. ಪರೀಕ್ಷೆಯ ದಿನ ಅವನನ್ನು ಕೇಂದ್ರಕ್ಕೆ ಬಿಟ್ಟು ಕಚೇರಿಗೆ ಬರುವುದಾಗಿ ಬರೆದಿದ್ದರು.

ಜೊತೆಗೆ ಒಂದು ಪುಟದ ಕಾರ್ಯಯೋಜನೆಯಿತ್ತು. ತೆರಿಗೆಯ ಗಡುವುಗಳಲ್ಲಿ ರಜೆಯ ದಿನಕ್ಕೆ ಬಿದ್ದದ್ದು 20ನೇ ತಾರೀಖಿನ ಜಿ.ಎಸ್.ಟಿ.ಆರ್.-3ಬಿ ಒಂದೇ. ಖರೀದಿಯ ತೆರಿಗೆ ಜಮೆ ತೋರಿಸುವ ಜಿ.ಎಸ್.ಟಿ.ಆರ್.-2ಬಿ 14ಕ್ಕೆ ದೊರೆಯುವುದರಿಂದ, ತಾಳೆ ನೋಡಿ 18ಕ್ಕೇ ಸಲ್ಲಿಸುವುದೆಂದು ನಮೂದಿಸಿದ್ದರು. ಅಂದು ಆಗದಿದ್ದರೆ 20ರಂದು ಸಹಾಯಕರು ಸಲ್ಲಿಸಬೇಕು.

ಮಾಲೀಕರು ಸಹಿ ಹಾಕುವವರಿದ್ದರು. ಒ.ಟಿ.ಪಿ. ಯಾರ ಮೊಬೈಲಿಗೆ ಬರುತ್ತದೆಂದು ನಾನು ವಿಚಾರಿಸಿದೆ. ನೋಂದಣಿಯಲ್ಲಿದ್ದದ್ದು ಆಕೆಯದೇ ಸಂಖ್ಯೆ! (ಸಣ್ಣ ಸಂಸ್ಥೆಗಳಲ್ಲಿ ಇದು ಅಪರೂಪವಲ್ಲ.) ಬ್ಯಾಂಕಿನಲ್ಲಿ ಪಾವತಿ ನಮೂದಿಸುವ ಅಧಿಕಾರವೂ ಸಹಾಯಕರಿಗಿರಲಿಲ್ಲ. ಹೀಗಾದರೆ ಗಡುವು ಮೀರಿ, ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕದ ಮೇಲೆ ತೆರಿಗೆ ಬಾಕಿಗೆ ವಾರ್ಷಿಕ ಶೇ. 18ರ ಬಡ್ಡಿಯೂ ಬೀಳುತ್ತದೆ. ಆದ್ದರಿಂದ ನೋಂದಣಿಯಲ್ಲಿ ಮಾಲೀಕರ ಸಂಖ್ಯೆ ಸೇರಿಸಿದೆವು; ಸಹಾಯಕರಿಗೆ ಬ್ಯಾಂಕಿನ ಪ್ರವೇಶ ಕೊಡಿಸಲು ಫೆಬ್ರವರಿಯಲ್ಲೇ ಅರ್ಜಿ ಹಾಕಿದೆವು.

ಕೊನೆಯ ರಜೆ 30ಕ್ಕೆ ಬಂದಿತ್ತು, ಮರುದಿನ ದಾಸ್ತಾನು ಎಣಿಕೆ. ಅದನ್ನು ಅರ್ಧ ದಿನಕ್ಕೆ ಇಳಿಸಲು ಆಕೆಯೇ ಒಪ್ಪಿದರು.